‘48 ವೋಲ್ಟ್’ ಎಂಬುದು ಮನೆತನದ ಹೆಸರು

“ಪಿನ್ನು ಸರಿಯಾಗಿ ಕೂತ್ಕೊಂತು ಕಣಯ್ಯಾ, ಇನ್ನೇನು ನೋಡೋದು?” ಎಂದರು ತಿಪಟೂರಿನಿಂದ ಭಾವ. ಹಿಂದಿನ ರಾತ್ರಿ ಗುಡುಗು ಮಳೆಗೆ ಕರೆಂಟು ನಾಲ್ಕಾರು ಸಲ ಹೋಗಿ ಬಂದು ಮಾಡಿ, ಅವರ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರ್ ಸುಟ್ಟ ವಾಸನೆ ಬಿಟ್ಟು ತಣ್ಣಗಾಗಿತ್ತು. ಬೆಳಗ್ಗೆ ಎದ್ದವರೇ ಹಳೆಯ ಚಾರ್ಜರನ್ನು ಚೀಲಕ್ಕೆ ಹಾಕಿಕೊಂಡು, ಸ್ಕೂಟರನ್ನು ತಳ್ಳಿಕೊಂಡು ಅಂಗಡಿಗೆ ಹೋಗಿದ್ದಾರೆ. ಅಂಗಡಿಯವರು ಒಂದು ಹೊಸ ಚಾರ್ಜರ್ ತೆಗೆದು ಸ್ಕೂಟರಿನ ಸಾಕೆಟ್ಟಿಗೆ ಚುಚ್ಚಿ ನೋಡಿದ್ದಾರೆ. ಕೂತಿದೆ. ಸ್ಕೂಟರಿನ ಮೇಲೆ 48 ವೋಲ್ಟ್ ಎಂದಿದೆ, ಚಾರ್ಜರಿನ ಮೇಲೂ 48 ವೋಲ್ಟ್ ಎಂದಿದೆ. ದುಡ್ಡು ಎಣಿಸುವುದಷ್ಟೇ ಬಾಕಿ. ಆದರೂ ಮನಸ್ಸು ಅಳುಕಿ ನನಗೆ ಫೋನು ಮಾಡಿದ್ದರು.

“ಕರೆಂಟಿಗೆ ಹಾಕಿದ್ದೀರಾ?” ಎಂದೆ.

“ಇಲ್ಲ, ಬರೀ ಚುಚ್ಚಿ ನೋಡಿದ್ದು.”

“ಹಾಗಿದ್ರೆ ಕಳಚಿ ಕೊಟ್ಟುಬಿಡಿ ಭಾವ. ನಾಳೆ ಬರ್ತೀನಿ ಅಂತ ಹೇಳಿ ಮನೆಗೆ ಹೋಗಿ. ಫೋಟೋ ಕಳಿಸಿ, ನೋಡೋಣ.”

ಇದು ಆ ಫೋಟೋಗಳ ಕಥೆ. ಪಿನ್ನು ಕೂರುವುದಕ್ಕೂ ಚಾರ್ಜರ್ ಹೊಂದುವುದಕ್ಕೂ ಸಂಬಂಧವೇ ಇಲ್ಲ. ಒಂದೇ ಆಕಾರದ ಪ್ಲಗ್ಗನ್ನು ಹತ್ತು ಜನ ಹತ್ತು ವೋಲ್ಟೇಜಿಗೆ ಬಳಸುತ್ತಾರೆ. ಬೀರುವಿನ ಕೀಲಿ ಇನ್ನೊಬ್ಬರ ಬೀರುವಿಗೆ ತೂರುತ್ತದೆ, ಆದರೆ ತಿರುಗುವುದಿಲ್ಲ. ಇಲ್ಲಿ ತಿರುಗಿಯೂಬಿಡುತ್ತದೆ, ಅದೇ ತೊಂದರೆ.

ಮೊದಲು ಬಂದ ಫೋಟೋ ನೋಡಿ ನಗು ಬಂತು. ಚಾರ್ಜರಿನ ಲೇಬಲ್ಲಿನ ಮೇಲೆ ಮೊಬೈಲಿನ ಫ್ಲ್ಯಾಶು ಹುಣ್ಣಿಮೆ ಚಂದ್ರನ ಹಾಗೆ ಕೂತು, ಬೇಕಾದ ಸಾಲನ್ನೇ ನುಂಗಿತ್ತು. ಫ್ಲ್ಯಾಶ್ ಆರಿಸಿ ಕಿಟಕಿಯ ಪಕ್ಕ ಹಿಡಿದು ತೆಗೆಯಲು ಹೇಳಿದೆ. ಲೇಬಲ್ ಮಾಸಿದ್ದರೆ ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಬೇಕು. ಶಾಯಿ ಹೋದರೂ ಅಕ್ಷರದ ಒತ್ತು ಎಷ್ಟೋ ಸಲ ಉಳಿದಿರುತ್ತದೆ, ಓರೆ ಬೆಳಕಿಗೆ ಅದು ಎದ್ದು ಕಾಣುತ್ತದೆ. ಕಳಿಸುವಾಗ ವಾಟ್ಸ್‌ಆ್ಯಪಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿದೆ. ಇಲ್ಲದಿದ್ದರೆ ಅದು ಚಿತ್ರವನ್ನು ಹಿಂಡಿ ಹಿಪ್ಪೆ ಮಾಡುತ್ತದೆ, ಆ ಹಿಂಡುವಿಕೆಯಲ್ಲಿ ಮೊದಲು ಕಳೆದುಹೋಗುವುದೇ ಅಂಕಿಗಳ ನಡುವಿನ ಪುಟ್ಟ ಚುಕ್ಕೆ. ನಮಗೆ ಬೇಕಾದದ್ದು ಆ ಚುಕ್ಕೆ ಮತ್ತು ಅದರ ಆಚೆಗಿನ ಅಂಕಿ.

ಒಟ್ಟು ಐದು ಫೋಟೋ ಕೇಳಿದೆ. ಹಳೆಯ ಚಾರ್ಜರಿನ ಲೇಬಲ್, ಅದರ ಪ್ಲಗ್ಗಿನ ಮುಖ, ಸ್ಕೂಟರಿನ ಸಾಕೆಟ್ಟಿನ ಮುಖ, ಬ್ಯಾಟರಿಯ ಲೇಬಲ್, ಆಮೇಲೆ ಅಂಗಡಿಯವರು ಕೊಡಲು ಹೊರಟಿದ್ದ ಹೊಸ ಚಾರ್ಜರಿನ ಲೇಬಲ್. ಪ್ಲಗ್ಗು, ಸಾಕೆಟ್ಟುಗಳ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ ಎಂದೆ. ಆ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಅದೊಂದಿದ್ದರೆ ದೂರದಲ್ಲಿ ಕೂತವನಿಗೂ ಪ್ಲಗ್ಗಿನ ಗಾತ್ರ ಗೊತ್ತಾಗುತ್ತದೆ.

ಅಂಗಡಿಯ ಹೊಸ ಚಾರ್ಜರಿನ ಫೋಟೋದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮೂರುಗಳಲ್ಲಿ ಅತಿ ಹೆಚ್ಚು ಸಿಗುವುದು ಅದೇ ಜಾತಿಯದು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘48 ವೋಲ್ಟ್ 20 ಎಎಚ್’ ಎಂದಿತ್ತು. ಇದನ್ನು ಓದಿದ ಎಷ್ಟೋ ಜನ ಚಾರ್ಜರ್ 20 ಆಂಪಿಯರ್ ಕೊಡುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. 48 ವೋಲ್ಟಿನ, 20 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿಗೆ ಮಾಡಿದ್ದು ಎಂದಷ್ಟೇ ಅದರ ಅರ್ಥ. ಅದು ಅಳಿಯನ ಊರಿನ ಹೆಸರೇ ಹೊರತು ಮಾವನ ಮನೆ ವಿಳಾಸವಲ್ಲ. ಚಾರ್ಜರಿನಿಂದ ನಿಜವಾಗಿ ಏನು ಹೊರಗೆ ಬರುತ್ತದೆ ಎನ್ನುವುದು ‘ಔಟ್‌ಪುಟ್’ ಎಂಬ ಸಣ್ಣ ಸಾಲಿನಲ್ಲಿರುತ್ತದೆ. ಅಲ್ಲಿ ‘ಡಿಸಿ 59 ವೋಲ್ಟ್, 2.8 ಆಂಪಿಯರ್’ ಎಂದು ಅಚ್ಚಾಗಿತ್ತು.

48 ಎಂದ ಮೇಲೆ 59 ಯಾಕೆ? ತುಂಬಿಸಬೇಕಾದ ತೊಟ್ಟಿಗಿಂತ ನಲ್ಲಿ ಮೇಲಿರಬೇಕು, ಅಷ್ಟೆ. 12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ ಪೂರ್ತಿ ತುಂಬಬೇಕಾದರೆ ಸುಮಾರು 14.7 ವೋಲ್ಟ್ ಬೇಕು. ಅಂಥ ನಾಲ್ಕನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟಿನ ಸ್ಕೂಟರ್ ಆಗುತ್ತದೆ, ತುಂಬಿಸಲು ನಾಲ್ಕು ಪಟ್ಟು, ಎಂದರೆ 58.8 ವೋಲ್ಟ್ ಬೇಕಾಗುತ್ತದೆ. ಅದನ್ನೇ ಕೆಲವರು 59 ಎಂದು ಅಚ್ಚು ಹಾಕುತ್ತಾರೆ. ಬ್ಯಾಟರಿ ತುಂಬಿದ ಮೇಲೆ ಈ ಜಾತಿಯ ಚಾರ್ಜರ್ ನಿಂತುಬಿಡುವುದಿಲ್ಲ. 55 ವೋಲ್ಟಿನ ಆಸುಪಾಸಿಗೆ ಇಳಿದು, ಸೋರಿದ್ದನ್ನು ತುಂಬುತ್ತಾ ಬೆಳಗಿನ ತನಕ ಕಾಯುತ್ತಿರುತ್ತದೆ. ಲೆಡ್ ಆ್ಯಸಿಡ್‌ಗೆ ಇದು ಹಿತ.

ಹಾಗಾದರೆ ಭಾವನ ಸ್ಕೂಟರಿನಲ್ಲಿರುವುದು ಲೆಡ್ ಆ್ಯಸಿಡ್ ತಾನೇ? ಸ್ಕೂಟರಿನ ಮೈಮೇಲಿನ ತಗಡು ಹಾಗೇ ಹೇಳುತ್ತಿತ್ತು. ಆದರೆ ಅವರು ಅದನ್ನು ತುಮಕೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡವರು. 250 ವಾಟಿನೊಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ಮೀರದ ವೇಗ, ಆದ್ದರಿಂದ ನೋಂದಣಿ ಇಲ್ಲ, ಲೈಸೆನ್ಸೂ ಬೇಡ. ತೋಟಕ್ಕೂ ಮಂಡಿಗೂ ಓಡಾಡಲು ಸಾಕು. ಇಂಥ ಗಾಡಿಗಳಲ್ಲಿ ಮೊದಲ ಮಾಲೀಕರು ಲೆಡ್ ಆ್ಯಸಿಡ್ ಸತ್ತ ಮೇಲೆ ಲಿಥಿಯಂ ಹಾಕಿಸುವುದು ಮಾಮೂಲು. ಬ್ಯಾಟರಿ ಬದಲಾಗುತ್ತದೆ, ಆದರೆ ತಗಡು ಬದಲಾಗುವುದಿಲ್ಲ, ಸಾಕೆಟ್ಟೂ ಬದಲಾಗುವುದಿಲ್ಲ. ಆದ್ದರಿಂದ ಗಾಡಿಯ ಮೇಲೆ ಬರೆದದ್ದನ್ನು ಗಾಡಿಯ ಬಾಲ್ಯದ ಹೆಸರೆಂದು ತಿಳಿಯಬೇಕು. ಈಗಿನದನ್ನು ಹೇಳಬೇಕಾದ್ದು ಸೀಟಿನಡಿಯ ಬ್ಯಾಟರಿ.

ಸೀಟು ಎತ್ತಿ ನೋಡಿದರೆ ಲೆಡ್ ಆ್ಯಸಿಡ್ ಗುರುತು ಸುಲಭ. ಇಟ್ಟಿಗೆಯಂಥ ಕಪ್ಪು ಡಬ್ಬಗಳು ನಾಲ್ಕೋ ಐದೋ ಆರೋ ಇರುತ್ತವೆ, ಒಂದರಿಂದ ಒಂದಕ್ಕೆ ದಪ್ಪ ವೈರು, ಒಂದೊಂದೂ ಆರೇಳು ಕೆಜಿ. ನಾಲ್ಕಿದ್ದರೆ 48, ಐದಿದ್ದರೆ 60, ಆರಿದ್ದರೆ 72 ವೋಲ್ಟ್. ಮೇಲೆ ‘6-ಡಿಝಡ್‌ಎಂ-20’ ಎಂಬಂಥ ಬರಹವಿರುತ್ತದೆ. ಅದು ಚೀನಾದ ಮಾದರಿ ಹೆಸರು. ಮೊದಲಿನ 6 ಎಂದರೆ ಒಳಗೆ ಎರಡೆರಡು ವೋಲ್ಟಿನ ಆರು ಕೋಣೆ, ಎಂದರೆ 12 ವೋಲ್ಟ್. ಕೊನೆಯ 20 ಎಂದರೆ ಸಾಮರ್ಥ್ಯ. ಮೊದಲಿನ 6ನ್ನು ನೋಡಿ ಇದು 6 ವೋಲ್ಟಿನ ಬ್ಯಾಟರಿ ಎಂದುಕೊಂಡವರನ್ನು ನಾನೇ ನೋಡಿದ್ದೇನೆ.

ಭಾವನ ಫೋಟೋದಲ್ಲಿ ಇಟ್ಟಿಗೆಗಳಿರಲಿಲ್ಲ. ತಗಡಿನ ಒಂದೇ ಪೆಟ್ಟಿಗೆ, ಮೇಲೊಂದು ಹಿಡಿಕೆ. “ಒಂದೇ ಕೈಯಲ್ಲಿ ಎತ್ತಬಹುದಾ?” ಎಂದು ಕೇಳಿದೆ. “ಎತ್ತಬಹುದು, ಹತ್ತು ಕೇಜಿ ಒಳಗೇ ಇದೆ” ಎಂದರು. ಇದು ಲಿಥಿಯಂ ಎನ್ನುವುದು ಅಲ್ಲಿಗೆ ಗಟ್ಟಿಯಾಯಿತು. ನಾಲ್ಕು ಲೆಡ್ ಆ್ಯಸಿಡ್ ಇದ್ದಿದ್ದರೆ ಇಪ್ಪತ್ತೈದು ಕೆಜಿಯ ಸುತ್ತಮುತ್ತ ತೂಗಬೇಕಿತ್ತು. ಪೆಟ್ಟಿಗೆಯ ಲೇಬಲ್ಲಿನಲ್ಲಿ ಮೂರು ಅಂಕಿಗಳು ಓದುವಂತಿದ್ದವು: 48 ವೋಲ್ಟ್, 26 ಎಎಚ್, 1217 ಡಬ್ಲ್ಯುಎಚ್. ಉಳಿದದ್ದು ಕಟ್ಟುಪಟ್ಟಿಯ ಅಡಿಯಲ್ಲಿ ಮುಚ್ಚಿತ್ತು.

ಆಮೇಲೆ ನೋಡಿದ್ದು ಸುಟ್ಟ ಚಾರ್ಜರಿನ ಲೇಬಲ್. ಓರೆ ಬೆಳಕಿನಲ್ಲಿ ತೆಗೆದ ಎರಡನೆಯ ಫೋಟೋದಲ್ಲಿ ಔಟ್‌ಪುಟ್ ಸಾಲು ಅರ್ಧಂಬರ್ಧ ಕಂಡಿತು. ಮೂರು ವರ್ಷ ರಾತ್ರಿಯೆಲ್ಲ ಬಿಸಿಯಾಗಿ, ಹಗಲು ಡಿಕ್ಕಿಯೊಳಗೆ ಉಜ್ಜಿ ಉಜ್ಜಿ ಅಂಕಿ ಸವೆದಿತ್ತು. ಮೊದಲಿನದು 5, ಅದು ಖಚಿತ. ಎರಡನೆಯದು ಪೂರ್ತಿ ಮಾಯ. ಆಮೇಲೆ ಚುಕ್ಕೆ. ಚುಕ್ಕೆಯ ನಂತರ ಕೆಳಗೆ ದುಂಡಗಿನ ಒಂದು ಹೊಟ್ಟೆ, ಅದು 6ರದ್ದೋ 8ರದ್ದೋ ಹೇಳಲು ಬರುವಂತಿರಲಿಲ್ಲ. ಆಂಪಿಯರ್ ಮಾತ್ರ ಸ್ಪಷ್ಟ: 5.

ಗೊತ್ತಿದ್ದವರಿಗೆ ಇದು ಎದೆ ಧಸಕ್ಕೆನ್ನಿಸುವ ಸವೆತ. ಏಕೆಂದರೆ 48 ವೋಲ್ಟಿನ ಮನೆತನದಲ್ಲಿ ಲಿಥಿಯಂ ಚಾರ್ಜರುಗಳು ಹೆಚ್ಚಾಗಿ ಎರಡು ಕಡೆ ಗುಂಪುಗೂಡುತ್ತವೆ. ಒಂದು 54.6, ಇನ್ನೊಂದು 58.8. ಭಾವನ ಲೇಬಲ್ ಈ ಎರಡರಲ್ಲಿ ಯಾವುದೂ ಆಗಬಹುದಿತ್ತು.

ಈ ಎರಡು ಸಂಖ್ಯೆ ಎಲ್ಲಿಂದ ಬಂದವು ಎಂದು ತಿಳಿದರೆ ಮುಂದಿನದೆಲ್ಲ ಮಗ್ಗಿಯ ಲೆಕ್ಕ. ಲಿಥಿಯಂ ಪೆಟ್ಟಿಗೆಯೊಳಗೆ ಇರುವುದು ಟಾರ್ಚಿನ ಸೆಲ್ಲಿನಂಥ ನೂರಾರು ಸಣ್ಣ ಸೆಲ್ಲುಗಳು. ನಿಕ್ಕಲ್ ಬೆರೆತ, ಎನ್‌ಎಂಸಿ ಎಂದು ಕರೆಯುವ ಜಾತಿಯ ಒಂದು ಸೆಲ್ ಸರಾಸರಿ 3.6 ವೋಲ್ಟ್ ಕೊಡುತ್ತದೆ, ತುಂಬಿದಾಗ 4.2 ವೋಲ್ಟಿಗೆ ಏರುತ್ತದೆ. ಅಂಥ 13 ಸೆಲ್ಲುಗಳನ್ನು ಸಾಲು ಹಚ್ಚಿದರೆ ತುಂಬಿದಾಗ 54.6 ವೋಲ್ಟ್. 14 ಹಚ್ಚಿದರೆ 58.8. ಕಬ್ಬಿಣದ ಫಾಸ್ಫೇಟಿನ ಇನ್ನೊಂದು ಜಾತಿ ಇದೆ, ಎಲ್‌ಎಫ್‌ಪಿ. ಅದರ ಸೆಲ್ ಸರಾಸರಿ 3.2 ವೋಲ್ಟ್, ತುಂಬಿದಾಗ 3.65. ಅದನ್ನು 16 ಸಾಲು ಹಚ್ಚಿದರೆ 58.4 ವೋಲ್ಟ್ ಆಗುತ್ತದೆ. ಇವೆಲ್ಲವನ್ನೂ, ನಾಲ್ಕು ಲೆಡ್ ಆ್ಯಸಿಡ್‌ಗಳನ್ನೂ ಸೇರಿಸಿ, ಅಂಗಡಿಯವರು ಕರೆಯುವುದು ‘48 ವೋಲ್ಟ್’ ಎಂದೇ. ಅದೊಂದು ಮನೆತನದ ಹೆಸರು. ಪಾಟೀಲರು ಎಂದರೆ ಯಾವ ಪಾಟೀಲರು ಎಂದು ಕೇಳಬೇಕಲ್ಲ, ಹಾಗೆ.

ಈಗ ಭಾವನ ಬ್ಯಾಟರಿಯ ಮೇಲಿನ ಮೂರು ಅಂಕಿಗೆ ಬರೋಣ. ಅಲ್ಲಿ ‘48 ವೋಲ್ಟ್’ ಎಂಬುದನ್ನು ಬದಿಗಿಡಿ, ಅದು ಮನೆತನ. ಉಳಿದವು 1217 ಮತ್ತು 26. ವಾಟ್-ಅವರ್ ಅನ್ನು ಆಂಪಿಯರ್-ಅವರ್‌ನಿಂದ ಭಾಗಿಸಿದರೆ ಬರುವುದು ವೋಲ್ಟ್. 1217ನ್ನು 26ರಿಂದ ಭಾಗಿಸಿದೆ. ಸುಮಾರು 46.8 ಬಂತು. ಅದನ್ನು 3.6ರಿಂದ ಭಾಗಿಸಿದರೆ ಸರಿಯಾಗಿ 13. ಹದಿಮೂರು ಸಾಲಿನ ಎನ್‌ಎಂಸಿ! ಹದಿನಾಲ್ಕು ಸಾಲಿನದಾಗಿದ್ದರೆ 50.4ರ ಆಸುಪಾಸು, ಹದಿನಾರು ಸಾಲಿನ ಎಲ್‌ಎಫ್‌ಪಿ ಆಗಿದ್ದರೆ 51.2 ಬರಬೇಕಿತ್ತು. ಲೇಬಲ್ ಬರೆದವರು ದೊಡ್ಡಕ್ಷರದಲ್ಲಿ ಮನೆತನ ಬರೆದು, ಸಣ್ಣಕ್ಷರದ ವಾಟ್-ಅವರಿನಲ್ಲಿ ನಿಜ ಹೇಳಿಬಿಟ್ಟಿದ್ದರು. ಹಾಗಾಗಿ ಸವೆದ ಅಂಕಿ 54.6 ಎಂದಾಯಿತು.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಕೆಲವರು ಎನ್‌ಎಂಸಿ ಸೆಲ್ಲನ್ನು 3.6ರ ಬದಲು 3.7 ಎಂದು ಹಿಡಿಯುತ್ತಾರೆ. ಆಗ 13 ಸಾಲಿಗೆ 48.1 ಬರುತ್ತದೆ. ಹದಿನೈದು ಸಾಲಿನ ಎಲ್‌ಎಫ್‌ಪಿಗೆ ಬರುವುದು 48.0. ಫೋಟೋ ನೋಡಿ ಇವೆರಡನ್ನು ಬಿಡಿಸಲಾಗದು. ಸಮಾಧಾನವೆಂದರೆ ಅವುಗಳ ಚಾರ್ಜರ್ ವೋಲ್ಟೇಜೂ ಅಕ್ಕಪಕ್ಕ, 54.6 ಮತ್ತು 54.75. ಹಾಗೆಂದು ಒಂದರ ಚಾರ್ಜರನ್ನು ಇನ್ನೊಂದಕ್ಕೆ ಹಾಕಿ ಎನ್ನುತ್ತಿಲ್ಲ. ಇಂಥ ಕಡೆ ಇನ್ನೊಂದು ಫೋಟೋ ಕೇಳಬೇಕು. ಭಾವನಿಗೆ ಕಟ್ಟುಪಟ್ಟಿ ಸರಿಸಿ ಮತ್ತೊಂದು ಫೋಟೋ ತೆಗೆಯಲು ಹೇಳಿದೆ. ಅಲ್ಲಿ ‘13ಎಸ್10ಪಿ’ ಎಂದಿತ್ತು, ಪಕ್ಕದಲ್ಲಿ ‘ಐಎನ್‌ಆರ್ 18650’. ಎಸ್ ಎಂದರೆ ಸಾಲು, ಪಿ ಎಂದರೆ ಪಕ್ಕಪಕ್ಕ ಕಟ್ಟಿದ ಕಂತೆ. ಹದಿಮೂರು ಹತ್ತಲೆ ನೂರಮೂವತ್ತು ಸೆಲ್. ಐಎನ್‌ಆರ್‌ನಲ್ಲಿ ನಡುವಿನ ಎನ್ ನಿಕ್ಕಲ್‌ನ ಗುರುತು, ಆರ್ ಎಂದರೆ ದುಂಡಗಿನದು. ಎನ್ ಇದ್ದ ಜಾಗದಲ್ಲಿ ಎಫ್ ಇದ್ದರೆ ಕಬ್ಬಿಣದ ಜಾತಿ. 18650 ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಲೆಕ್ಕಕ್ಕೆ ಸಾಕ್ಷಿಯೂ ಸಿಕ್ಕಿತು.

ಅಂಗಡಿಯ 59 ವೋಲ್ಟಿನದನ್ನು ಅಂದು ಕರೆಂಟಿಗೆ ಹಾಕಿದ್ದರೆ ಏನಾಗುತ್ತಿತ್ತು? 59ನ್ನು 13ಕ್ಕೆ ಹಂಚಿದರೆ ಒಂದೊಂದು ಸೆಲ್ಲಿನ ಪಾಲಿಗೆ 4.5 ವೋಲ್ಟಿಗೂ ಹೆಚ್ಚು. ಮಿತಿ 4.2. ಪೆಟ್ಟಿಗೆಯೊಳಗೆ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ, ಯಾವುದಾದರೂ ಸೆಲ್ ಮಿತಿ ದಾಟಿದರೆ ಅದು ಸಂಪರ್ಕ ಕಡಿಯುತ್ತದೆ. ಆದ್ದರಿಂದ ಬಹುತೇಕ ಸಲ ಮೊದಲ ರಾತ್ರಿ ಏನೂ ಆಗುವುದಿಲ್ಲ. ಜನ ಮೋಸ ಹೋಗುವುದು ಅಲ್ಲೇ, ‘ನೋಡಿ, ಚೆನ್ನಾಗೇ ನಡೀತಿದೆ’ ಎನ್ನುತ್ತಾರೆ. ಆದರೆ ಅಪಾಯ ಬಂದಾಗ ತಡೆಯಬೇಕಾದ ಕಾವಲುಗಾರನನ್ನು ದಿನಾ ರಾತ್ರಿ ಕೆಲಸಕ್ಕೆ ಹಚ್ಚಿದಂತಾಯಿತು. ಅವನು ಒಂದು ದಿನ ಮಲಗಿದರೆ ನೂರಮೂವತ್ತು ಸೆಲ್ಲುಗಳನ್ನು ಮಿತಿ ಮೀರಿ ಉಬ್ಬಿಸುವ ಚಾರ್ಜರ್ ಆಚೆ ಕಡೆ ಸಿದ್ಧವಾಗಿರುತ್ತದೆ. ಅದು ಕೊನೆಗೆ ಇಳಿದು ನಿಲ್ಲುವ 55.2 ವೋಲ್ಟ್ ಕೂಡ ಹದಿಮೂರು ಸಾಲಿಗೆ ಮಿತಿಗಿಂತ ಹೆಚ್ಚೇ. ಲಿಥಿಯಂ ಚಾರ್ಜರ್ ಹಾಗೆ ಕಾಯುತ್ತಾ ಕೂರುವುದಿಲ್ಲ, ತುಂಬಿತೆಂದರೆ ನಿಲ್ಲಿಸುತ್ತದೆ.

ಇದಕ್ಕೆ ತಿರುವುಮುರುವಾಗಿ ಮಾಡಿದರೆ ಬೆಂಕಿಯ ಭಯವಿಲ್ಲ, ಆದರೆ ನಷ್ಟವಿದೆ. ನಾಲ್ಕು ಲೆಡ್ ಆ್ಯಸಿಡ್‌ಗೆ 54.6ರ ಲಿಥಿಯಂ ಚಾರ್ಜರ್ ಹಾಕಿದರೆ ಒಂದೊಂದಕ್ಕೆ 13.65 ವೋಲ್ಟ್ ಮಾತ್ರ. ದೀಪವೇನೋ ಹಸಿರಾಗುತ್ತದೆ, ಬ್ಯಾಟರಿ ಪೂರ್ತಿ ತುಂಬಿರುವುದಿಲ್ಲ. ಹೀಗೆ ಅರೆಹೊಟ್ಟೆಯಲ್ಲೇ ಇಟ್ಟ ಲೆಡ್ ಆ್ಯಸಿಡ್‌ನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಕೆಲವೇ ತಿಂಗಳಲ್ಲಿ ಅದು ಓಡುವ ದೂರ ಕುಗ್ಗುತ್ತದೆ.

ಆಂಪಿಯರಿನ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಹೆಚ್ಚಿಲ್ಲ. ವೋಲ್ಟ್ ಮಾತ್ರ ಸರಿಸಮ ಇರಲೇಬೇಕು. ಆಂಪಿಯರ್ ಹಳೆಯದರಷ್ಟೋ ಅದಕ್ಕಿಂತ ಕಡಿಮೆಯೋ ಇದ್ದರೆ ಸಾಕು, ಸಮಯ ಹೆಚ್ಚು ಹಿಡಿಯುತ್ತದೆ ಅಷ್ಟೆ. ಹೆಚ್ಚಿನದು ಹಾಕಬೇಕಿದ್ದರೆ ಬ್ಯಾಟರಿಯ ಲೇಬಲ್ಲಿನಲ್ಲಿ ಗರಿಷ್ಠ ಚಾರ್ಜಿಂಗ್ ಕರೆಂಟ್ ಎಷ್ಟೆಂದು ಬರೆದಿರಬೇಕು.

ವೋಲ್ಟು ಗೊತ್ತಾಯಿತು. ಇನ್ನು ಪ್ಲಗ್ಗು. ಭಾವನ ಸ್ಕೂಟರಿನಲ್ಲಿದ್ದದ್ದು ನೀವೆಲ್ಲ ನೋಡಿರುವ ಆಕಾರವೇ: ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂಬದಿಗೆ ಚುಚ್ಚುವ, ಎರಡು ಮೂಲೆ ಕತ್ತರಿಸಿದ, ಮೂರು ಚಪ್ಪಟೆ ಪಿನ್ನಿನದು. ಸಿ13 ಎಂದು ಅದರ ಹೆಸರು. ಕಡಿಮೆ ವೇಗದ ಸ್ಕೂಟರುಗಳಲ್ಲಿ ಇದು ಬಲು ಸಾಮಾನ್ಯ. ಇದಕ್ಕಿಂತ ಕೆಟ್ಟ ಆಯ್ಕೆ ಇರಲಾರದು ಎಂದು ನನ್ನ ಅಭಿಪ್ರಾಯ. ಏಕೆಂದರೆ ಕಂಪ್ಯೂಟರಿನ ವೈರಿನಲ್ಲಿ ಹರಿಯುವುದು ಗೋಡೆಯ 230 ವೋಲ್ಟ್ ಎಸಿ. ಮಕ್ಕಳೋ ಅರಿಯದವರೋ ಆ ವೈರನ್ನು ತಂದು ಸ್ಕೂಟರಿಗೆ ಚುಚ್ಚಿ ಸ್ವಿಚ್ ಹಾಕಿದರೆ ಬ್ಯಾಟರಿಗೆ ನೇರ ಗೋಡೆ ಕರೆಂಟು! ಆಕಾರ ತಡೆಯುವುದಿಲ್ಲ. ಭಾವನ ಮನೆಯಲ್ಲಿ ಕಂಪ್ಯೂಟರ್ ಮೇಜೂ ಸ್ಕೂಟರ್ ನಿಲ್ಲಿಸುವ ಪಡಸಾಲೆಯೂ ಒಂದೇ ಗೋಡೆಯ ಆಚೀಚೆ. ಅಕ್ಕನಿಗೆ ಹೇಳಿ ಸ್ಕೂಟರಿನ ಸಾಕೆಟ್ಟಿನ ಪಕ್ಕ ಕೆಂಪು ಟೇಪು ಸುತ್ತಿಸಿದೆ.

ಬೇರೆ ಆಕಾರಗಳೂ ಇವೆ. ಭಜನೆ ಮೈಕಿನ ವೈರಿನ ತುದಿಯಲ್ಲಿರುವಂಥ ದುಂಡಗಿನ ಮೂರು ಪಿನ್ನಿನದು ಒಂದು. ಅದನ್ನು ಹತ್ತಿರದಿಂದ ತೆಗೆದರೆ ಪಿನ್ನುಗಳ ಬುಡದಲ್ಲಿ 1, 2, 3 ಎಂದು ಅಚ್ಚಾಗಿರುವುದು ಕಾಣುತ್ತದೆ. ಹೊರಗೆ ತಿರುಪಿ ಬಿಗಿಸುವ ಬಳೆ ಇರುವ ಲೋಹದ ದುಂಡು ಪ್ಲಗ್ಗು ಇನ್ನೊಂದು. ಇದು 12, 16, 20 ಮಿಲಿಮೀಟರ್ ಗಾತ್ರಗಳಲ್ಲಿ ಬರುತ್ತದೆ, ನಾಣ್ಯ ಬೇಕಾಗುವುದು ಇಲ್ಲಿಯೇ. ನಿಂತು ಓಡಿಸುವ ಪುಟ್ಟ ಸ್ಕೂಟರುಗಳಲ್ಲಿ ಹಳೆಯ ಲ್ಯಾಪ್‌ಟಾಪಿನದರಂಥ ಕೊಳವೆ ಪಿನ್ನು ಇರುತ್ತದೆ. ಹೊರಗಿನಿಂದ ಎಲ್ಲವೂ 5.5 ಮಿಲಿಮೀಟರ್, ಒಳತೂತು ಕೆಲವದರಲ್ಲಿ 2.1, ಕೆಲವದರಲ್ಲಿ 2.5. ಆ ಅರ್ಧ ಮಿಲಿಮೀಟರಿಗಿಂತ ಕಡಿಮೆಯ ವ್ಯತ್ಯಾಸವನ್ನು ಫೋಟೋದಲ್ಲಿ ಯಾರೂ ಹೇಳಲಾರರು. ವರ್ನಿಯರ್ ಹಿಡಿದೇ ಅಳೆಯಬೇಕು.

ನೋಂದಣಿ ಇರುವ, ವೇಗದ ಸ್ಕೂಟರುಗಳ ವಿಷಯ ಬೇರೆಯೇ. ಅಲ್ಲಿ ಚಾರ್ಜರು ಮತ್ತು ಬ್ಯಾಟರಿ ಮೊದಲು ಸಣ್ಣ ವೈರುಗಳಲ್ಲಿ ಪರಸ್ಪರ ಮಾತಾಡಿಕೊಳ್ಳುತ್ತವೆ, ಒಪ್ಪಿಗೆಯಾದ ಮೇಲೆ ಮಾತ್ರ ಕರೆಂಟು ಹರಿಯುತ್ತದೆ. ಬೆಂಗಳೂರಿನ ಏಥರ್ ಕಂಪನಿ ರೂಪಿಸಿದ ಕನೆಕ್ಟರ್ ಅಂಥದ್ದು. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಅದನ್ನು ಹಗುರ ವಾಹನಗಳ ಮಾನಕವಾಗಿ ಒಪ್ಪಿತು. ಇಂಥ ಪ್ಲಗ್ಗಿನ ಮುಖದಲ್ಲಿ ಎರಡು ದಪ್ಪ ಪಿನ್ನುಗಳ ಜತೆ ಹಲವು ಸಣ್ಣ ಪಿನ್ನುಗಳು ಕಂಡರೆ, ಹೊರಗಿನ ಚಾರ್ಜರ್ ಹುಡುಕುವ ಕೆಲಸವನ್ನು ಅಲ್ಲಿಗೇ ಬಿಟ್ಟುಬಿಡಿ. ಲೇಬಲ್ಲಿನ ಪಾರ್ಟ್ ನಂಬರ್ ಹಿಡಿದುಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗುವುದೊಂದೇ ದಾರಿ.

ಭಾವನದ್ದು ಮಾತಾಡುವ ಗಾಡಿಯಲ್ಲ. ಅಲ್ಲಿ ಉಳಿದದ್ದು, ಫೋಟೋ ಹೇಳಲಾರದ ಒಂದೇ ಒಂದು ಸಂಗತಿ: ಯಾವ ಪಿನ್ನು ಪ್ಲಸ್, ಯಾವುದು ಮೈನಸ್. ಸಿ13ಕ್ಕೆ ಗೋಡೆ ಕರೆಂಟಿನಲ್ಲಿ ನಿಯಮವಿದೆ, ಸ್ಕೂಟರಿನ ಡಿಸಿಗೆ ಇಲ್ಲ. ಒಬ್ಬರು ಎಡಗಡೆ ಪ್ಲಸ್ ಕೊಡುತ್ತಾರೆ, ಇನ್ನೊಬ್ಬರು ಬಲಗಡೆ. ನಡುವಿನದು ಸಾಮಾನ್ಯವಾಗಿ ಖಾಲಿ. ತಿರುವುಮುರುವಾದರೆ ಅದೃಷ್ಟವಿದ್ದಲ್ಲಿ ಫ್ಯೂಸು ಹೋಗುತ್ತದೆ, ಇಲ್ಲದಿದ್ದರೆ ಕಿಡಿ ಹಾರಿ ಚಾರ್ಜರೋ ಬಿಎಂಎಸ್ಸೋ ಸುಡುತ್ತದೆ.

ಇದಕ್ಕೆ ಬೇಕಾದ್ದು ಮಲ್ಟಿಮೀಟರ್. ಭಾವನ ಮಗನ ಹತ್ತಿರ ಡಿಪ್ಲೊಮಾ ಓದುವಾಗ ಕೊಂಡದ್ದಿತ್ತು. ವಿಡಿಯೋ ಕಾಲಿನಲ್ಲಿ ಅವನಿಗೆ ಮೊದಲು ತೋರಿಸಲು ಹೇಳಿದ್ದು ಮೀಟರಿನ ಕೆಂಪು ವೈರು ಯಾವ ತೂತಿನಲ್ಲಿದೆ ಎಂಬುದನ್ನು. ಅದು ‘10ಎ’ ಎಂದು ಬರೆದ ತೂತಿನಲ್ಲಿದ್ದರೆ ಬ್ಯಾಟರಿಯನ್ನು ಅಳೆಯಲು ಹೋಗಿ ಶಾರ್ಟ್ ಮಾಡಿದಂತೆ. ವೋಲ್ಟಿನ ತೂತಿಗೆ ಬದಲಾಯಿಸಿ, ಗುಂಡಿಯನ್ನು ಡಿಸಿ 200ಕ್ಕೆ ತಿರುಗಿಸಿದ. ಸ್ಕೂಟರಿನ ಸಾಕೆಟ್ಟಿನ ಎದುರು ಕೂತು, ಕತ್ತರಿಸಿದ ಮೂಲೆಗಳು ಮೇಲೆ ಬರುವ ಹಾಗೆ ನೋಡುತ್ತಾ, ಎಡ ಪಿನ್ನಿಗೆ ಕೆಂಪು, ಬಲ ಪಿನ್ನಿಗೆ ಕಪ್ಪು ಮುಟ್ಟಿಸಿದ. ಎರಡು ಮೊನೆ ಒಂದಕ್ಕೊಂದು ತಗಲದಂತೆ ಹುಷಾರಾಗಿ. 49.7 ಬಂತು, ಮುಂದೆ ಮೈನಸ್ ಗುರುತಿಲ್ಲ. ಎಂದರೆ ಎಡವೇ ಪ್ಲಸ್. (ಎಲ್ಲ ಗಾಡಿಗಳಲ್ಲೂ ಹೀಗೆ ಸಾಕೆಟ್ಟಿನಲ್ಲಿ ವೋಲ್ಟು ಸಿಗುವುದಿಲ್ಲ. ಕೆಲವದರಲ್ಲಿ ಡಯೋಡೋ ಬಿಎಂಎಸ್ಸೋ ಹೊರಗೆ ಬಿಡುವುದಿಲ್ಲ. ಆಗ ಸೀಟಿನಡಿಯ ವೈರಿನ ಜಾಡು ಹಿಡಿಯಬೇಕು, ಅದು ಮೆಕ್ಯಾನಿಕ್ ಕೆಲಸ.) ಅಂದ ಹಾಗೆ, ಈ 49.7 ಬ್ಯಾಟರಿಯ ಜಾತಿ ಹೇಳುವುದಿಲ್ಲ. ಅರ್ಧ ತುಂಬಿದ ಹದಿಮೂರು ಸಾಲಿಗೂ ಅದೇ ಬರಬಹುದು, ಹೊಟ್ಟೆ ಹಸಿದ ಹದಿನಾಲ್ಕು ಸಾಲಿಗೂ ಅದೇ ಬರಬಹುದು. ಜಾತಿಗೆ ಲೇಬಲ್ಲೇ ಪ್ರಮಾಣ.

54.6 ವೋಲ್ಟ್, 5 ಆಂಪಿಯರ್, ಲಿಥಿಯಂ, ಸಿ13 ಎಂದು ಬರೆದು ಬೆಂಗಳೂರಿನ ಒಬ್ಬ ಮಾರಾಟಗಾರರಿಗೆ ಕಳಿಸಿದೆ. ಜಾಹೀರಾತಿನ ಚಿತ್ರ ಬೇಡ, ಕಳಿಸಲಿರುವ ಚಾರ್ಜರಿನದೇ ಲೇಬಲ್ಲಿನ ಫೋಟೋ ಬೇಕು ಎಂದೆ. ಕಳಿಸಿದರು, ಸರಿಯಿತ್ತು. ನಾಲ್ಕನೇ ದಿನ ಪಾರ್ಸೆಲ್ ತಿಪಟೂರು ತಲುಪಿತು.

ಹುಡುಗ ಮತ್ತೆ ಮೀಟರ್ ಹಿಡಿದ. ಇಲ್ಲೊಂದು ಗೊಂದಲವಿದೆ, ಎಷ್ಟೋ ಜನ ಬೀಳುವುದು ಇದೇ ಹಳ್ಳಕ್ಕೆ. ಸಾಕೆಟ್ಟೂ ಪ್ಲಗ್ಗೂ ಕನ್ನಡಿಯ ಬಿಂಬಗಳು. ಸಾಕೆಟ್ಟಿನ ಎಡ ಪಿನ್ನು ಹೋಗಿ ಕೂರುವುದು ಪ್ಲಗ್ಗಿನ ಮುಖವನ್ನು ನೀವು ನೋಡುವಾಗ ಬಲಕ್ಕೆ ಕಾಣುವ ತೂತಿನಲ್ಲಿ. ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟು ‘ಎರಡರಲ್ಲೂ ಎಡವೇ ಪ್ಲಸ್, ಸರಿ ಇದೆ’ ಎಂದರೆ ಕೆಟ್ಟಿತು. ಮೊಬೈಲಿನ ಮುಂಬದಿ ಕ್ಯಾಮೆರಾದಲ್ಲಿ ತೆಗೆದಿದ್ದರಂತೂ ಅದು ತಾನೇ ಇನ್ನೊಂದು ಸಲ ಎಡಬಲ ಅದಲುಬದಲು ಮಾಡಿಟ್ಟಿರಬಹುದು.

ಚಾರ್ಜರನ್ನು ಗೋಡೆಗೆ ಮಾತ್ರ ಹಾಕಿ, ಸ್ಕೂಟರಿಗೆ ಹಾಕದೆ, ಪ್ಲಗ್ಗಿನ ಬಲ ತೂತಿಗೆ ಕೆಂಪು ಮೊನೆ, ಎಡಕ್ಕೆ ಕಪ್ಪು ತೂರಿಸಿದ. ಮೀಟರ್ ತೋರಿಸಿದ್ದು ಮೈನಸ್ 54.6. ವೋಲ್ಟ್ ಸರಿ, ಲೇಬಲ್ ಸರಿ, ಪ್ಲಗ್ಗು ಸರಿ, ಪಿನ್ನು ಸಲೀಸಾಗಿ ಕೂರುತ್ತದೆ, ಒಳಗಿನ ವೈರು ಮಾತ್ರ ತಿರುವುಮುರುವು. ಮಾರಾಟಗಾರರಿಗೆ ಫೋನು ಮಾಡಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಎರಡು ತರ ಬರ್ತಾವೆ ಸಾರ್, ಮೊದ್ಲೇ ಹೇಳ್ಬೇಕಿತ್ತು” ಎಂದರು. ವಾಪಸ್ ತೆಗೆದುಕೊಂಡು ಇನ್ನೊಂದು ತರದ್ದು ಕಳಿಸಿದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ, ಎರಡು ತರ ಇರುತ್ತವೆ ಎಂದು ಗೊತ್ತಿದ್ದೂ ಕೇಳದೆ ಬಿಟ್ಟವನು ನಾನು.

ಕೆಲವು ಚಾರ್ಜರುಗಳು ಆಚೆ ಕಡೆ ಬ್ಯಾಟರಿ ಇದೆ ಎಂದು ತಿಳಿಯುವ ತನಕ ಏನನ್ನೂ ಹೊರಬಿಡುವುದಿಲ್ಲ. ಅಂಥದ್ದರಲ್ಲಿ ಮೀಟರ್ ಸೊನ್ನೆ ತೋರಿಸಿದರೆ ಕೆಟ್ಟಿದೆ ಎಂದು ಅರ್ಥವಲ್ಲ, ಪ್ಲಸ್ ಯಾವ ಕಡೆ ಎಂಬುದನ್ನು ಮಾರಿದವರಿಂದಲೇ ಬರೆಸಿಕೊಳ್ಳಬೇಕು. ಭಾವನಿಗೆ ಎರಡನೆಯ ಸಲ ಬಂದದ್ದು ಹಾಗೇನೂ ಮಾಡಲಿಲ್ಲ. ಮೀಟರಿನಲ್ಲಿ 54.6, ಮೈನಸ್ ಇಲ್ಲ.

ಮೊದಲ ಚಾರ್ಜನ್ನು ಹಗಲಿನಲ್ಲಿ, ಪಡಸಾಲೆಯಲ್ಲಿ, ಕಣ್ಣೆದುರಿಗೆ ಮಾಡಿ ಎಂದಿದ್ದೆ. ಮೊದಲು ಪ್ಲಗ್ಗು ಸ್ಕೂಟರಿಗೆ, ಆಮೇಲೆ ಗೋಡೆಯ ಸ್ವಿಚ್ಚು. ಕೆಂಪು ದೀಪ ಹತ್ತಿತು. ಚುಚ್ಚಿದ ಕೂಡಲೇ ಹಸಿರಾಗಿದ್ದರೆ ಪ್ಲಗ್ಗು ಪೂರ್ತಿ ಕೂತಿಲ್ಲ, ಇಲ್ಲವೇ ಬಿಎಂಎಸ್ ಬಾಗಿಲು ಮುಚ್ಚಿದೆ ಎಂದು ತಿಳಿಯಬೇಕಿತ್ತು. ಮೂರೂವರೆ ಗಂಟೆಯ ಮೇಲೆ ಹಸಿರಾಯಿತು. ಚಾರ್ಜರ್ ಬೆಚ್ಚಗಿತ್ತು, ಕೈ ಇಡಬಹುದಾದಷ್ಟು. ಪ್ಲಗ್ಗು ತಣ್ಣಗಿತ್ತು. ಕಳಚಿ ಮೀಟರ್ ಹಿಡಿದು ನೋಡಿ ಭಾವ ಫೋನು ಮಾಡಿದರು. ದನಿಯಲ್ಲಿ ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟಾಗಿನ ಅಸಮಾಧಾನವಿತ್ತು.

“54.6 ಅಂದ್ಯಲ್ಲಯ್ಯಾ, ಇಲ್ಲಿ 54.4 ಮಾತ್ರ ಬಂದದೆ. ಉಳಿದ ಎರಡು ಪಾಯಿಂಟು ಯಾರು ತಿಂದರು?”

ಚಾರ್ಜರ್ ಕಳಚಿದ ಮೇಲೆ ಸೆಲ್ಲುಗಳು ಒಂದಿಷ್ಟು ಇಳಿದು ನೆಲೆ ನಿಲ್ಲುತ್ತವೆ, ಕಾಲು ವೋಲ್ಟಿನೊಳಗಿನ ವ್ಯತ್ಯಾಸ ಲೆಕ್ಕಕ್ಕಿಲ್ಲ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಸಂಜೆ ಒಂದು ಫೋಟೋ ಬಂತು, ಈ ಸಲ ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಿನಲ್ಲಿ. ಹೊಸ ಚಾರ್ಜರಿನ ಮೈಮೇಲೆ, ಸೀಟಿನ ಒಳಬದಿಯಲ್ಲಿ, ಎರಡೂ ಕಡೆ, ತೆಂಗಿನಕಾಯಿ ಚೀಲಕ್ಕೆ ಗುರುತು ಹಾಕುವ ಕಪ್ಪು ಬಣ್ಣದಲ್ಲಿ ದಪ್ಪಗೆ ಬರೆದಿದ್ದರು: 54.6, ಎಡ ಪಿನ್ನು ಪ್ಲಸ್.